ಅಪ್‌ಡೇಟ್: ಮಧ್ಯರಾತ್ರಿ ದಾಟಿ ಇಳಿದರೆ ಯುರೋಪಿನ ಷೆಂಗೆನ್ ವೀಸಾ ದಿನಗಳ ಲೆಕ್ಕ

ನಾನು ಕೇಳಿದ್ದು: "ಅಪ್ಪ ಅಮ್ಮ ಜೂನ್ 9ಕ್ಕೆ ಬೆಂಗಳೂರು ಬಿಟ್ಟು, ದೋಹಾದಲ್ಲಿ ವಿಮಾನ ಬದಲಿಸಿ, ರೋಮ್‌ನಲ್ಲಿ ರಾತ್ರಿ 12 ದಾಟಿದ ಮೇಲೆ ಇಳಿಯುತ್ತಾರೆ. ವೀಸಾದಲ್ಲಿ 15 ದಿನ ಇದೆ. ಯಾವತ್ತಿನಿಂದ ಎಣಿಸಬೇಕು?"

ಅಪ್‌ಡೇಟ್: 10ರಿಂದ. ಬೆಂಗಳೂರಿನ ತಾರೀಖು, ದೋಹಾದಲ್ಲಿ ಕಾದ ಹೊತ್ತು ಯಾವುದೂ ಲೆಕ್ಕಕ್ಕಿಲ್ಲ. ರೋಮ್ ಇಮಿಗ್ರೇಷನ್‌ನಲ್ಲಿ ಅಲ್ಲಿನ ಗಡಿಯಾರದ ಪ್ರಕಾರ ದಾಖಲಾಗುವ ತಾರೀಖೇ ಮೊದಲ ದಿನ. ಹತ್ತೇ ನಿಮಿಷ ಇದ್ದರೂ ಅದು ಪೂರ್ತಿ ದಿನ. ವಾಪಸ್ ಹೊರಡುವ ದಿನವೂ ಸೇರುತ್ತದೆ, ಅಂದರೆ 24 ಕೊನೆಯ ದಿನ.

ನನಗೆ ಜಾಸ್ತಿ ಭಯ ಹುಟ್ಟಿಸಿದ್ದು ವಾಪಸಾತಿ. ನಾವು ನೋಡಿದ್ದ ಟಿಕೆಟ್ 25ರ ರಾತ್ರಿ 12:45ಕ್ಕೆ. 24ರಂದೇ ಪಾಸ್‌ಪೋರ್ಟ್ ಕೌಂಟರ್ ದಾಟಿದರೆ ಸರಿ, ಆದರೆ ಕ್ಯೂ ಉದ್ದವಾಗಿ 12 ಹೊಡೆದರೆ ಅದು 16ನೇ ದಿನ, ಓವರ್‌ಸ್ಟೇ. ಅದಕ್ಕೇ 24ರ ಮಧ್ಯಾಹ್ನದ ವಿಮಾನ ಬುಕ್ ಮಾಡಿದೆವು.