ಸಹಾಯ ಬೇಕು: ಮೀಥೈಲ್ ಶಿಫ್ಟ್ ಬಾಣ ಎಲ್ಲಿಂದ ಶುರು?

ಬಿಎಸ್ಸಿ ಕೆಮಿಸ್ಟ್ರಿ ಓದುತ್ತಿದ್ದೇನೆ. ಇಂಟರ್ನಲ್‌ನಲ್ಲಿ 3,3-ಡೈಮೀಥೈಲ್‌ಬ್ಯೂಟನ್-2-ಆಲ್‌ಗೆ H₂SO₄ ಹಾಕಿ ಬಿಸಿ ಮಾಡಿದರೆ ಏನಾಗುತ್ತದೆ, ಮೆಕ್ಯಾನಿಸಂ ಬರೆಯಿರಿ ಅಂತ 5 ಅಂಕಕ್ಕೆ ಬಂದಿತ್ತು. ಉತ್ಪನ್ನ ಸರಿ ಬರೆದೆ, 2,3-ಡೈಮೀಥೈಲ್‌ಬ್ಯೂಟ್-2-ಈನ್. ಆದರೂ ಸಿಕ್ಕಿದ್ದು ಎರಡೂವರೆ!

ಮೊದಲ ತಪ್ಪು ನನಗೇ ಗೊತ್ತಾಯಿತು. ಬಾಣವನ್ನು H⁺ನಿಂದ ಆಕ್ಸಿಜನ್ ಕಡೆಗೆ ಎಳೆದಿದ್ದೆ. ಎಲೆಕ್ಟ್ರಾನ್ ಇರೋದು ಆಕ್ಸಿಜನ್ನಿನ ಲೋನ್ ಪೇರ್‌ನಲ್ಲಿ, ಹಾಗಾಗಿ ಬಾಣ ಅಲ್ಲಿಂದಲೇ ಹೊರಡಬೇಕು ಅಲ್ವಾ. ಅದು ಬಿಡಿ.

ತಲೆ ಕೆಟ್ಟಿರೋದು ಮುಂದಿನ ಹಂತಕ್ಕೆ. ನೀರು ಹೊರಹೋಗುವುದು, ಪಕ್ಕದ ಮೀಥೈಲ್ ಜಿಗಿಯುವುದು ಎರಡನ್ನೂ ಒಂದೇ ಚಿತ್ರದಲ್ಲಿ ತೋರಿಸಿ ನೇರ ಟರ್ಷಿಯರಿ ಕ್ಯಾಟಯಾನ್ ಬರೆದೆ. ಸರ್ "ಸೆಕೆಂಡರಿ ಕ್ಯಾಟಯಾನ್ ಎಲ್ಲಿ?" ಅಂತ ಕೆಂಪು ಶಾಯಿಯಲ್ಲಿ ಬರೆದಿದ್ದಾರೆ. ಮೀಥೈಲ್ ಬಾಣಕ್ಕೂ ಸುತ್ತು ಹಾಕಿದ್ದಾರೆ, ನಾನು ಅದನ್ನು CH₃ ಅಕ್ಷರದಿಂದ ಎಳೆದಿದ್ದೆ. ಸೀನಿಯರ್ ಒಬ್ಬರನ್ನು ಕೇಳಿದರೆ ಎರಡೂ ಒಟ್ಟಿಗೇ ಆಗಬಹುದು, ತಪ್ಪೇನಿಲ್ಲ ಅಂದರು. ಮನೆಯಲ್ಲಿ ನಾಲ್ಕು ಸಲ ಬರೆದು ನೋಡಿದೆ, ಎರಡೂ ಥರ ಸರಿ ಅನ್ನಿಸುತ್ತದೆ, ಗೊಂದಲ ಮಾತ್ರ ಜಾಸ್ತಿಯಾಯಿತು.

ಪೇಪರ್ ತಿದ್ದುವವರು ಯಾರಾದರೂ ಇದ್ದರೆ ಹೇಳಿ: ಸೆಕೆಂಡರಿ ಕ್ಯಾಟಯಾನನ್ನು ಬೇರೆ ಹಂತವಾಗಿ ಬರೆಯದಿದ್ದರೆ ಇಂಟರ್ಮೀಡಿಯೆಟ್ ಅಂಕ ಹೋಗುತ್ತದಾ? ಮೀಥೈಲ್ ಬಾಣದ ಬಾಲ C–CH₃ ಬಂಧದ ಮಧ್ಯದಲ್ಲೇ ಇರಬೇಕಾ?