ಹೇಮಕೂಟದಿಂದ ಬರೆದ ಗೋಪುರ ರಟ್ಟಿನಂತೆ ಏಕೆ ಕಾಣುತ್ತಿದೆ?

ಕೇಳಿದವರು: ಡಿಸೆಂಬರ್ ರಜೆಯಲ್ಲಿ ಹಂಪಿಗೆ ಹೋದಾಗ ಹೇಮಕೂಟದ ಬಂಡೆಯ ಮೇಲೆ ಕುಳಿತು ವಿರೂಪಾಕ್ಷ ಗೋಪುರವನ್ನು ಜಲವರ್ಣದಲ್ಲಿ ಬರೆದೆ. ಸಂಜೆ ನಾಲ್ಕರಿಂದ ಐದೂವರೆಯವರೆಗೆ, ಎ4 ಹಾಳೆ. ಕಲಿಯಲು ಶುರು ಮಾಡಿ ಎಂಟು ತಿಂಗಳಾಯಿತು. ಮನೆಯವರೆಲ್ಲ ಚೆನ್ನಾಗಿದೆ ಎನ್ನುತ್ತಾರೆ. ನನಗೆ ಮಾತ್ರ ಗೋಪುರ ರಟ್ಟಿನಲ್ಲಿ ಕತ್ತರಿಸಿ ಅಂಟಿಸಿದಂತೆ ಕಾಣುತ್ತದೆ. ಆಕಾಶದಲ್ಲಿ ಹೂಕೋಸಿನಂಥ ಕಲೆಯೂ ಎದ್ದಿದೆ. ಸಂಕೋಚವಿಲ್ಲದೆ ಹೇಳಿ.

ಹಳೇ ಕುಂಚ: ಮೊದಲು ಎಡಗಡೆಯ ಕೆಳಗಿನ ಬಂಡೆಯ ಬಗ್ಗೆ ಹೇಳುತ್ತೇನೆ. ಅದನ್ನು ನೀವು ಒಂದೇ ಸಲಕ್ಕೆ ಹಾಕಿ ಬಿಟ್ಟಿದ್ದೀರಿ. ಒಣ ಬ್ರಷ್ ಸವರಿದ ಕಡೆ ಹಾಳೆಯ ಬಿಳಿ ಚುಕ್ಕಿ ಚುಕ್ಕಿಯಾಗಿ ಉಳಿದು ಕಲ್ಲಿನ ತರಿ ತಾನಾಗಿಯೇ ಬಂದಿದೆ. ಮುಂದಿನ ಚಿತ್ರದಲ್ಲೂ ಬಂಡೆಗಳನ್ನು ಹೀಗೆಯೇ ಬರೆಯಿರಿ, ತಿದ್ದಲು ಹೋಗಬೇಡಿ.

ಇನ್ನು ಗೋಪುರ. ನೀವು ಕುಳಿತ ಜಾಗದಿಂದ ಅದರ ಪಡುವಣ ಮುಖ ಎಡಕ್ಕೆ, ತೆಂಕಣ ಮಗ್ಗುಲು ಬಲಕ್ಕೆ ಕಾಣುತ್ತದೆ. ಡಿಸೆಂಬರಿನಲ್ಲಿ ಸೂರ್ಯ ನೈಋತ್ಯಕ್ಕೆ ವಾಲಿ ಮುಳುಗುತ್ತಾನೆ, ಅಂದರೆ ನಿಮ್ಮ ಬೆನ್ನ ಹಿಂದಿನಿಂದ, ಎಡ ಹೆಗಲಿನ ಮೇಲಿನಿಂದ ಬಿಸಿಲು ಬರುತ್ತಿತ್ತು. ಎರಡು ಮುಖಗಳಿಗೂ ಬೆಳಕು ಬಿದ್ದಾಗ ಕಟ್ಟಡ ನೋಡಲಿಕ್ಕೇ ಚಪ್ಪಟೆ. ಕೈಯ ತಪ್ಪಲ್ಲ, ನೀವು ಕಂಡದ್ದನ್ನೇ ಬರೆದಿದ್ದೀರಿ. ಆದರೂ ಬೆಳಕು ಎರಡು ಕಡೆ ಸಮನಾಗಿರಲಿಲ್ಲ. ಪಡುವಣ ಮುಖಕ್ಕೆ ಬಿಸಿಲು ನೇರವಾಗಿ ಬೀಳುತ್ತಿತ್ತು, ತೆಂಕಣಕ್ಕೆ ಓರೆಯಾಗಿ. ಅಷ್ಟು ಅಂತರ ಸಾಕು, ಬಲ ಮಗ್ಗುಲು ಒಂದು ಮೆಟ್ಟಿಲು ಕಪ್ಪಾಗಬೇಕಿತ್ತು. ನೀವು ಎರಡಕ್ಕೂ ಒಂದೇ ಕಾವಿ ಹಳದಿ ಹಾಕಿದ್ದೀರಿ.

ಚಿತ್ರದ ಫೋಟೊವನ್ನು ಮೊಬೈಲಿನಲ್ಲಿ ಕಪ್ಪು ಬಿಳುಪಿಗೆ ತಿರುಗಿಸಿ ನೋಡಿ. ಗೋಪುರದ ಎರಡು ಮುಖಗಳ ನಡುವಿನ ಮೂಲೆ ಕಾಣದೆ ಹೋದರೆ ನಾನು ಹೇಳಿದ್ದು ಸರಿ.

ತುಂಗಾತೀರ: ಕಾರಣ ಕಪ್ಪು ಬಣ್ಣ ಮೇಡಂ. ಪ್ರತಿ ಅಂತಸ್ತಿನ ಅಂಚಿಗೂ ಕಪ್ಪು ಗೆರೆ ಎಳೆದಿದ್ದೀರಿ. ಜಲವರ್ಣದಲ್ಲಿ ಕಪ್ಪನ್ನು ಮುಟ್ಟಲೇಬಾರದು. ಎರಡನೆಯದು, ಹಾಳೆ. 300 ಜಿಎಸ್‌ಎಂ ಹತ್ತಿ ಹಾಳೆ ತೆಗೆದುಕೊಳ್ಳಿ, ಆಕಾಶದ ಕಲೆ ಬರುವುದೇ ಇಲ್ಲ. ನಾನು ಹಾಳೆ ಬದಲಿಸಿದ ಮೇಲೆಯೇ ಸುಧಾರಿಸಿದ್ದು.

ಮಸೂರ: ಚೆನ್ನಾಗಿ ಬಂದಿದೆ. ಆದರೆ ಯಾವ ಲೆನ್ಸ್ ಹಾಕಿದ್ದೀರಿ? ಗೋಪುರದ ಮೇಲ್ಭಾಗ ಹಿಂದಕ್ಕೆ ಬೀಳುತ್ತಿರುವಂತಿದೆ. ಬೇಲೂರಿನಲ್ಲಿ ನನಗೂ ಹೀಗೇ ಆಗಿತ್ತು. ಹತ್ತಿರ ನಿಂತು ಕ್ಯಾಮೆರಾ ಮೇಲೆತ್ತಿದ್ದರಿಂದ ಲಂಬ ಗೆರೆಗಳೆಲ್ಲ ಮೇಲೆ ಕೂಡಿಕೊಂಡವು. ದೂರ ಸರಿದು ಕ್ಯಾಮೆರಾವನ್ನು ನೇರ ಹಿಡಿದ ಮೇಲೆ ಸರಿಹೋಯಿತು.

ಕೇಳಿದವರು: ಸರ್, ಇದು ಫೋಟೊ ಅಲ್ಲ, ಕೈಯಲ್ಲಿ ಬರೆದದ್ದು!

ಮಸೂರ: ಕ್ಷಮಿಸಿ, ಸಣ್ಣ ಪರದೆಯಲ್ಲಿ ನೋಡಿದ್ದೆ. ಹೊಗಳಿಕೆ ಎಂದೇ ತಿಳಿಯಿರಿ. ಬೀಳುತ್ತಿರುವಂತೆ ಕಂಡದ್ದಂತೂ ನಿಜ.

ಹಳೇ ಕುಂಚ: ಮಸೂರ ಅವರು ಪ್ರಶ್ನೆ ತಪ್ಪು ತಿಳಿದರೂ ಕಣ್ಣು ಸರಿಯಾದ ಕಡೆಗೇ ಹೋಗಿದೆ. ಬಲ ಮಗ್ಗುಲಿನ ಅಂತಸ್ತುಗಳ ಗೆರೆಗಳನ್ನು ನೋಡಿ, ಕೆಳಗಿನಿಂದ ತುದಿಯವರೆಗೆ ಎಲ್ಲವೂ ದೂರ ಹೋದಂತೆ ಮೇಲಕ್ಕೇ ಏರಿವೆ. ಗುಡ್ಡದ ಮೇಲಿದ್ದರೂ ಗೋಪುರದ ತುದಿ ನಿಮ್ಮ ಕಣ್ಣಿಗಿಂತ ಮೇಲೆಯೇ ಇತ್ತು, ಅದು ಸುಮಾರು 50 ಮೀಟರ್ ಎತ್ತರ. ಕಣ್ಣಿನ ಮಟ್ಟಕ್ಕಿಂತ ಕೆಳಗಿನ ಗೆರೆಗಳು ದೂರ ಹೋದಂತೆ ಏರಬೇಕು, ಮೇಲಿನವು ಇಳಿಯಬೇಕು, ಮಟ್ಟದಲ್ಲಿರುವುದು ಅಡ್ಡವಾಗಿಯೇ ಉಳಿಯಬೇಕು. ಪೆನ್ಸಿಲನ್ನು ಕಣ್ಣಿನ ನೇರಕ್ಕೆ ಅಡ್ಡಲಾಗಿ ಹಿಡಿದು, ಅದು ಗೋಪುರವನ್ನು ಯಾವ ಅಂತಸ್ತಿನಲ್ಲಿ ಕತ್ತರಿಸುತ್ತದೆ ನೋಡಿ, ಹಾಳೆಯ ಮೇಲೆ ಅಲ್ಲೊಂದು ತೆಳು ಗೆರೆ ಹಾಕಿಕೊಳ್ಳಿ. ಮಿಕ್ಕ ಗೆರೆಗಳೆಲ್ಲ ಅದನ್ನು ನೋಡಿಕೊಂಡೇ ಸಾಗುತ್ತವೆ.

ತುಂಗಾತೀರ ಅವರೇ, ಹಾಳೆಯ ಮಾತು ಅರ್ಧ ನಿಜ. ತೆಳು ಹಾಳೆ ನೀರು ಬಿದ್ದೊಡನೆ ಉಬ್ಬಿ, ತಗ್ಗುಗಳಲ್ಲಿ ಬಣ್ಣ ನಿಲ್ಲುತ್ತದೆ. ಆದರೆ ಹೂಕೋಸಿನ ಕಲೆ ದುಬಾರಿ ಹಾಳೆಯಲ್ಲೂ ಏಳುತ್ತದೆ. ಅರ್ಧ ಆರಿದ ವಾಶ್ ಮೇಲೆ ಅದಕ್ಕಿಂತ ಒದ್ದೆಯಾದ ಬ್ರಷ್ ಇಟ್ಟರೆ, ಹೊಸ ನೀರು ಹರಡುತ್ತಾ ಬಣ್ಣದ ಕಣಗಳನ್ನು ತಳ್ಳಿಕೊಂಡು ಹೋಗಿ ಅಂಚಿನಲ್ಲಿ ಗುಡ್ಡೆ ಹಾಕುತ್ತದೆ. ಮೇಡಂ, ಕಲೆ ಗೋಪುರದ ತುದಿಯ ಪಕ್ಕದಲ್ಲೇ ಇದೆ. ಆಕಾಶ ಆರುವ ಮೊದಲೇ ಅಲ್ಲೇನೋ ತಿದ್ದಲು ಹೋದಿರಲ್ಲವೇ? ಹಾಳೆಯನ್ನು ಓರೆಯಾಗಿ ಹಿಡಿದು ನೋಡುವುದು ರೂಢಿಯಾಗಲಿ. ನೀರು ಥಳಥಳಿಸುತ್ತಿದ್ದರೆ ಇನ್ನೂ ಕೆಲಸ ಮಾಡಬಹುದು. ಹೊಳಪು ಮಂಕಾಗತೊಡಗಿದರೆ ಬ್ರಷ್ ಕೆಳಗಿಟ್ಟು ಚಹಾ ಕುಡಿಯಿರಿ.

ಕಪ್ಪಿನ ವಿಷಯದಲ್ಲಿ ನನಗೆ ಅಷ್ಟು ಕಟ್ಟುನಿಟ್ಟಿಲ್ಲ. ಇಲ್ಲಿ ಕೆಡಿಸಿದ್ದು ಕಪ್ಪಲ್ಲ, ಬಿಸಿಲಿನ ಕಡೆಗೂ ನೆರಳಿನ ಕಡೆಗೂ ಒಂದೇ ದಪ್ಪದ ಗೆರೆ. ಬಿಸಿಲಿನ ಕಡೆಯ ಗೆರೆಗಳು ಅಲ್ಲಲ್ಲಿ ಕಡಿದುಹೋಗಿದ್ದರೆ ಅದೇ ಕಪ್ಪಿನಲ್ಲೂ ಗೋಪುರ ಎದ್ದು ನಿಲ್ಲುತ್ತಿತ್ತು.

ತುಂಗಾತೀರ: ಕಲೆಯ ವಿಷಯ ಒಪ್ಪಿದೆ. ಕಪ್ಪನ್ನು ಮಾತ್ರ ಒಪ್ಪುವುದಿಲ್ಲ. ಕಲಿಯುವವರ ಕೈಗೆ ಅದು ಸಿಕ್ಕರೆ ನೆರಳೆಲ್ಲ ಮಸಿಯಾಗುತ್ತದೆ, ನನ್ನದು ಎರಡು ವರ್ಷ ಹಾಗೇ ಹೋಯಿತು.

ಕೇಳಿದವರು: ತುದಿಯ ಕಳಶ ತಿದ್ದಲು ಹೋಗಿದ್ದು ನಿಜ! ಕಪ್ಪು ಬಿಳುಪು ಮಾಡಿ ನೋಡಿದೆ, ಮೂಲೆ ಮಾಯ. ಇದೇ ಚಿತ್ರವನ್ನು ಉಳಿಸಲು ಆಗುತ್ತದೆಯೇ?

ಹಳೇ ಕುಂಚ: ಗೆರೆಗಳ ಓಟ ಇನ್ನು ಸರಿಹೋಗದು, ಆದರೆ ಬೆಳಕನ್ನು ತರಬಹುದು. ಅಲ್ಟ್ರಾಮರೀನ್ ನೀಲಿಗೆ ಸ್ವಲ್ಪ ಬರ್ನ್ಟ್ ಸಿಯೆನ್ನಾ ಬೆರೆಸಿ, ತಿಳಿ ಕಷಾಯದಷ್ಟು ನೀರಾಗಿಸಿ. ಬೇರೆ ಚೂರು ಹಾಳೆಯ ಮೇಲೆ ಹಾಕಿ ಆರಲು ಬಿಡಿ. ಜಲವರ್ಣ ಆರಿದ ಮೇಲೆ ತಿಳಿಯಾಗುತ್ತದೆ, ಹಾಗಾಗಿ ಒದ್ದೆಯಲ್ಲಿ ಬೇಕಾದ್ದಕ್ಕಿಂತ ತುಸು ಗಾಢವಾಗಿಯೇ ಕಾಣಬೇಕು. ಒಪ್ಪಿಗೆಯಾದರೆ ಮೆತ್ತನೆಯ ಅಗಲ ಬ್ರಷ್ಷಿನಲ್ಲಿ ಬಲ ಮಗ್ಗುಲಿನ ಮೇಲೆ ಮಾತ್ರ ತುದಿಯಿಂದ ಬುಡದವರೆಗೆ ಒಂದೇ ಸಲ ಎಳೆಯಿರಿ. ಎರಡನೆಯ ಸಲ ಸವರಿದರೆ ಕೆಳಗಿನ ಕಾವಿ ಕರಗಿ ಮೇಲೆ ಬರುತ್ತದೆ.

ಮುಂದಿನ ಸಲ ಹೋದರೆ ಬೆಳಗ್ಗೆ ಕುಳಿತುಕೊಳ್ಳಿ. ಡಿಸೆಂಬರಿನ ಬೆಳಗಿನ ಸೂರ್ಯ ಆಗ್ನೇಯದಲ್ಲಿರುತ್ತಾನೆ. ತೆಂಕಣ ಮಗ್ಗುಲಿಗೆ ಬಿಸಿಲು, ಪಡುವಣಕ್ಕೆ ಪೂರ್ತಿ ನೆರಳು. ಗೋಪುರದ ಮೂಲೆ ಚಾಕುವಿನ ಅಂಚಿನಂತೆ ಕಾಣುತ್ತದೆ.

ಮಸೂರ: ಮೇಲಿನ ಆಕಾಶವನ್ನು ಎರಡು ಬೆರಳಷ್ಟು ಕತ್ತರಿಸಿಬಿಟ್ಟರೆ? ಕಲೆಯೂ ಹೋಗುತ್ತದೆ.

ಹಳೇ ಕುಂಚ: ಕತ್ತರಿಸಿದರೆ ಕಳಶ ಚೌಕಟ್ಟಿಗೆ ತಾಗುತ್ತದೆ. ನನಗೆ ಮನಸ್ಸಿಲ್ಲ.

ಮಸೂರ: ನಾನಾದರೆ ಕತ್ತರಿಸುತ್ತಿದ್ದೆ.

ಕೇಳಿದವರು: ನಿನ್ನೆ ರಾತ್ರಿ ಧೈರ್ಯ ಮಾಡಿದೆ. ಮೇಲಿನ ಐದಾರು ಅಂತಸ್ತು ಚೆನ್ನಾಗಿ ಬಂತು, ಮೂಲೆ ಎದ್ದು ಕಾಣುತ್ತಿದೆ. ಕೆಳಗೆ ಬರುವಷ್ಟರಲ್ಲಿ ಬ್ರಷ್ಷಿನಲ್ಲಿ ಬಣ್ಣ ಮುಗಿಯಿತು, ಮತ್ತೆ ಅದ್ದಿ ಮುಂದುವರಿಸಿದ ಜಾಗದಲ್ಲಿ ಕಾವಿ ಕರಗಿ ಅಡ್ಡ ಪಟ್ಟಿ ಬಿದ್ದಿದೆ. ಮಗಳು ಅದನ್ನು ಪ್ರಾಕಾರದ ನೆರಳು ಎಂದುಕೊಂಡಳು. ನಾನು ತಿದ್ದಿ ಹೇಳಲಿಲ್ಲ. ಆಕಾಶವನ್ನು ಇನ್ನೂ ಕತ್ತರಿಸಿಲ್ಲ.