ಪದಚರ್ಚೆ: ‘ಅವಲಂಬಿತ ಆಕರ’ವೋ ‘ನಿಯಂತ್ರಿತ ಆಕರ’ವೋ?

ಮಾನ್ಯರೇ,
ಪರ್ಯಾಯ ವಿದ್ಯುತ್ತಿನ ಮಂಡಲಗಳನ್ನು ಫೇಸರ್ ರೂಪದಲ್ಲಿ ಮೆಶ್ ವಿಧಾನದಿಂದ ಬಿಡಿಸುವ ಅಧ್ಯಾಯವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಕರಡು ನಾಳೆಯೇ ಅಚ್ಚಿಗೆ ಹೋಗಬೇಕಾಗಿದೆ. ಅದರ ಮಾದರಿ ಮಂಡಲದಲ್ಲಿ ಎರಡು ಮೆಶ್‌ಗಳಿವೆ. ಎಡಗಡೆ 10 ವೋಲ್ಟ್ ಶಿಖರಮೌಲ್ಯದ, ಸೊನ್ನೆ ಕೋನದ ಆಕರವೂ 2 ಓಮ್ ರೋಧಕವೂ ಇವೆ; ನಡುವಿನ ಶಾಖೆಯಲ್ಲಿ j2 ಓಮ್‌ನ ಪ್ರೇರಕ, ಬಲಗಡೆ −j2 ಓಮ್‌ನ ಧಾರಕ. ಬಲತುದಿಯಲ್ಲಿರುವ ಇನ್ನೊಂದು ಆಕರದ ವೋಲ್ಟೇಜು, ಪ್ರೇರಕದಲ್ಲಿ ಕೆಳಮುಖವಾಗಿ ಹರಿಯುವ Ix ಪ್ರವಾಹದ 4 ಪಟ್ಟು. ಅದರ ಧನಾಗ್ರ ಮೇಲಿದೆ. ಈ ಕೊನೆಯದನ್ನು ‘ಅವಲಂಬಿತ ಆಕರ’ ಎಂದು ಬರೆದಿದ್ದೇನೆ. ಪರಿಶೀಲಕರು ‘ನಿಯಂತ್ರಿತ ಆಕರ’ ಎಂದು ತಿದ್ದಿದ್ದಾರೆ. ಯಾವುದನ್ನು ಉಳಿಸಲಿ?

ಉತ್ತರ 1:
ಎರಡೂ ಬೇಡ. ಕನ್ನಡದಲ್ಲಿ ‘ಹಂಗು’ ಎಂಬ ಪದವೂ ‘ಸೆಲೆ’ ಎಂಬ ಪದವೂ ಇರುವಾಗ ‘ಹಂಗಿನ ಸೆಲೆ’ ಎನ್ನಲು ಅಡ್ಡಿಯೇನು? ಸಂಸ್ಕೃತದಲ್ಲಿ ‘ಆಕರ’ವೆಂದರೆ ಗಣಿ, ಮಂಡಲದೊಳಗೆ ಯಾರೂ ಅಗೆಯುತ್ತಿಲ್ಲ.

ಉತ್ತರ 2:
‘ಅವಲಂಬಿತ’ವೇ ಸರಿ. Ix ಇಲ್ಲದಿದ್ದರೆ ಆ ವೋಲ್ಟೇಜೂ ಇಲ್ಲ. ತನ್ನದೆಂಬ ಬಲವಿಲ್ಲದ ಅದು ಮಂಡಲಕ್ಕೆ ಶಕ್ತಿಯನ್ನು ಕೊಡಲಾರದು, ಬೇರೆ ಆಕರದಿಂದ ಪಡೆದದ್ದನ್ನು ಬಳಸಬಲ್ಲದು, ಅಷ್ಟೇ. ಹೆಸರು ಆ ಪರಾಧೀನತೆಯನ್ನು ತೋರಿಸಬೇಕು.

ಉತ್ತರ 3:
ನಾನು ಪಾಠ ಹೇಳುವಾಗ ಕಾಣುವ ತೊಂದರೆ ಬೇರೆಯದು. ಅಧ್ಯಾರೋಪಣ ವಿಧಾನದಲ್ಲಿ ಆಕರಗಳನ್ನು ಒಂದೊಂದಾಗಿ ಸೊನ್ನೆ ಮಾಡಿರಿ ಎಂದೊಡನೆ ವಿದ್ಯಾರ್ಥಿಗಳು ಇದನ್ನೂ ಸೊನ್ನೆ ಮಾಡಿಬಿಡುತ್ತಾರೆ. ಆದ್ದರಿಂದ ಹೆಸರಿನಲ್ಲಿ ‘ಆಕರ’ ಎಂಬುದೇ ಇರಬಾರದೆಂದು ನನ್ನ ಅಭಿಪ್ರಾಯ.

ಉತ್ತರ 4:
ಉತ್ತರ 2ರ ಮೊದಲರ್ಧವನ್ನು ಒಪ್ಪುತ್ತೇನೆ, ಎರಡನೆಯ ಅರ್ಧ ತಪ್ಪು. ಕೇಳಿದವರ ಮಂಡಲವನ್ನೇ ಬಿಡಿಸೋಣ. ಎರಡೂ ಮೆಶ್ ಪ್ರವಾಹಗಳನ್ನು ಪ್ರದಕ್ಷಿಣವಾಗಿ ಹಿಡಿದರೆ Ix = I1 − I2 ಆಗುತ್ತದೆ. ಬಲಗಡೆಯ ಆಕರದ ವೋಲ್ಟೇಜನ್ನು 4(I1 − I2) ಎಂದು ಬರೆದು, ಅಜ್ಞಾತಗಳನ್ನೆಲ್ಲ ಎಡಕ್ಕೆ ತಂದಾಗ ಸಿಗುವ ಸಮೀಕರಣಗಳು ಇವು:

```
(2 + j2)·I1 − j2·I2 = 10
(4 − j2)·I1 − 4·I2  = 0
```

ಎರಡನೆಯ ಸಾಲಿನಲ್ಲಿ ಧಾರಕವೂ ಪ್ರೇರಕವೂ ಒಂದನ್ನೊಂದು ಅಳಿಸಿ, I2ರ ಗುಣಕವಾಗಿ ಆಕರದಿಂದ ಬಂದ −4 ಮಾತ್ರ ಉಳಿದಿದೆ. ಕರ್ಣದ ಆಚೀಚೆಯ −j2 ಮತ್ತು 4 − j2 ಒಂದೇ ಅಲ್ಲ ಎಂಬುದನ್ನೂ ಗಮನಿಸಬೇಕು. ಮಂಡಲವನ್ನು ನೋಡಿದೊಡನೆ ಸಮಮಿತಿಯ ಮಾತೃಕೆಯನ್ನು ತುಂಬಿಸುವ ಅಭ್ಯಾಸವಿರುವವರು ಎಡವುವುದು ಇಲ್ಲಿಯೇ.

ಎರಡನೆಯ ಸಾಲಿನಿಂದ I2 = (1 − j0.5)·I1; ಅದನ್ನು ಮೊದಲನೆಯದರಲ್ಲಿಟ್ಟರೆ I1 = 10, I2 = 10 − j5, Ix = j5 ಆಂಪಿಯರ್. ಈಗ ಸರಾಸರಿ ಶಕ್ತಿಯನ್ನು ನೋಡಿರಿ. 10 ವೋಲ್ಟಿನ ಆಕರ ಕೊಡುವುದು 50 ವ್ಯಾಟ್. ರೋಧಕದಲ್ಲಿ ವ್ಯಯವಾಗುವುದು 100 ವ್ಯಾಟ್. ಪ್ರೇರಕ, ಧಾರಕಗಳ ಸರಾಸರಿ ಸೊನ್ನೆಯಾದುದರಿಂದ ಉಳಿದ 50 ವ್ಯಾಟನ್ನು ನೀವು ಪರಾಧೀನವೆಂದ ಆಕರವೇ ಕೊಡುತ್ತಿದೆ. ಅದರ ವೋಲ್ಟೇಜು j20, ಅದರೊಳಗೆ ಹೊಗುವ ಪ್ರವಾಹ 10 − j5. ಗುಣಿಸಿ ನೋಡಬಹುದು, ಪ್ರವಾಹದ ಸಂಯುಗ್ಮವನ್ನು ತೆಗೆದುಕೊಳ್ಳಲು ಮರೆಯದಿರಿ. ಹಾಗಾಗಿ ‘ಆಕರ’ ಎಂಬುದನ್ನು ಬಿಡುವಂತಿಲ್ಲ. ಪರರನ್ನು ಅವಲಂಬಿಸಿರುವುದು ಅದರ ಮೌಲ್ಯ, ಶಕ್ತಿಯಲ್ಲ. ನನ್ನ ಮತ ‘ನಿಯಂತ್ರಿತ’ಕ್ಕೆ.

ಉತ್ತರ 2:
ಲೆಕ್ಕ ಸರಿಯಿದೆ, ಒಪ್ಪಿದೆ. ಆದರೆ ಮೌಲ್ಯ ಅವಲಂಬಿಸಿದೆ ಎಂದು ನೀವೇ ಹೇಳುತ್ತಿರುವಾಗ ‘ಅವಲಂಬಿತ’ ಹೇಗೆ ತಪ್ಪಾಗುತ್ತದೆ? ‘ನಿಯಂತ್ರಿತ’ ಎಂದರೆ ಮಿತಿಯಲ್ಲಿ ಹಿಡಿದಿಟ್ಟದ್ದು ಎಂದು ಓದುಗರು ತಿಳಿಯುತ್ತಾರೆ.

ಉತ್ತರ 4:
ಅದು ಮಿತಿಯಲ್ಲಿರುವುದಿಲ್ಲವೆಂಬುದು ನಿಜ. ಇದೇ ಮಂಡಲದಲ್ಲಿ 4ರ ಬದಲು k ಎಂದಿಟ್ಟರೆ, 10 ವೋಲ್ಟಿನ ಆಕರಕ್ಕೆ ಇಡೀ ಮಂಡಲ 2 − 4/k ಓಮ್‌ನ ಇಂಪಿಡೆನ್ಸಾಗಿ ಕಾಣುತ್ತದೆ. k = 2 ಆದಾಗ ಅದು ಸೊನ್ನೆಯಾಗುತ್ತದೆ, ನಿರ್ಧಾರಕವೂ ಸೊನ್ನೆ, ಸಮೀಕರಣಗಳಿಗೆ ಪರಿಹಾರವೇ ಇಲ್ಲ; k ಧನವಾಗಿದ್ದು 2ಕ್ಕಿಂತ ಕಡಿಮೆಯಾದರೆ ರೋಧ ಋಣವಾಗುತ್ತದೆ. ಬರಿಯ ರೋಧಕ, ಪ್ರೇರಕ, ಧಾರಕಗಳಿಂದ ಋಣರೋಧ ಹುಟ್ಟುವುದಿಲ್ಲ. ನಿಮ್ಮ ಆಕ್ಷೇಪವನ್ನು ಯೋಚಿಸುತ್ತೇನೆ.

ಉತ್ತರ 1:
‘ಇಂಪಿಡೆನ್ಸ್’, ‘ಫೇಸರ್’, ‘ಮೆಶ್’ ಎಲ್ಲವನ್ನೂ ಎರವಲು ತಂದವರು ‘ಸೆಲೆ’ಗೆ ಮೂಗು ಮುರಿಯುತ್ತೀರಿ. ಮೆಶ್‌ಗೆ ‘ಬಲೆಗಣ್ಣು’ ಎನ್ನಲು ಏನು ಕಷ್ಟ?

ಉತ್ತರ 4:
ಫೇಸರ್ ಅನ್ನು ಮುಟ್ಟಬೇಡಿ. ‘ಬಲೆಗಣ್ಣು’ ಮಾತ್ರ ನಿಜಕ್ಕೂ ಒಳ್ಳೆಯ ಪದ. ಒಳಗೆ ಇನ್ನೊಂದು ಕುಣಿಕೆಯಿಲ್ಲದ ಕುಣಿಕೆಯೇ ಮೆಶ್ ಎಂಬ ಭೇದ ಅದರಲ್ಲಿ ತಾನಾಗಿ ಬರುತ್ತದೆ. ‘ಹಂಗಿನ ಸೆಲೆ’ಯನ್ನು ನಾನು ಬಳಸುವುದಿಲ್ಲ.

ಕೇಳಿದವರು:
ಎಲ್ಲರಿಗೂ ವಂದನೆಗಳು. ‘ಅವಲಂಬಿತ ಆಕರ’ವನ್ನೇ ಉಳಿಸಿ, ಮೊದಲ ಬಾರಿ ಬಂದಲ್ಲಿ ಅವಲಂಬನೆ ಮೌಲ್ಯದ್ದು, ಶಕ್ತಿಯದಲ್ಲ ಎಂಬ ವಾಕ್ಯವನ್ನೂ 50 ವ್ಯಾಟಿನ ಲೆಕ್ಕವನ್ನೂ ಸೇರಿಸುತ್ತೇನೆ. ಇದನ್ನು ಸೊನ್ನೆ ಮಾಡಬಾರದೆಂಬ ಎಚ್ಚರಿಕೆಯನ್ನೂ ಅಲ್ಲಿಯೇ ಕೊಡುತ್ತೇನೆ. ‘ಬಲೆಗಣ್ಣು’ ಈ ಮುದ್ರಣಕ್ಕೆ ತಡವಾಯಿತು. ‘ಬಲೆಗಣ್ಣಿನ ಪ್ರವಾಹ’ ಎಂದಾಗ ಉದ್ದವಾಗುವುದಕ್ಕೆ ಯಾರಾದರೂ ದಾರಿ ಹೇಳಿದರೆ ಮುಂದಿನದರಲ್ಲಿ ನೋಡೋಣ.